ಕರ್ವ್ ಬಲಕ್ಕೆ ಸರಿದಿದೆ, ಎತ್ತರ ಹೆಚ್ಚುಕಡಿಮೆ ಹಾಗೇ ಇದೆ. ಆದರೂ ಉತ್ತರ ‘ಕಾಂಪಿಟಿಟಿವ್’ ಅಲ್ಲ ಅಂದರೆ ಹೇಗೆ?

ಸಿಗ್ಮಾಯ್ಡ್ ಬರೆದದ್ದು:

ಫಾರ್ಮಕಾಲಜಿ ಪರೀಕ್ಷೆಗೆ ಹಳೆಯ ಪ್ರಶ್ನೆಗಳನ್ನು ಬಿಡಿಸುತ್ತಿದ್ದೆ. ಒಂದು ಗ್ರಾಫ್ ತಲೆಗೆ ಹತ್ತುತ್ತಿಲ್ಲ. ಚಿತ್ರ ಹಾಕಲು ಆಗುತ್ತಿಲ್ಲ, ಮಾತಿನಲ್ಲೇ ಹೇಳುತ್ತೇನೆ.

ರಕ್ತನಾಳದ ಪಟ್ಟಿಯನ್ನು ಆರ್ಗನ್ ಬಾತ್‌ನಲ್ಲಿ ತೂಗುಹಾಕಿ ನಾರ್‌ಅಡ್ರೆನಲಿನ್ ಕೊಟ್ಟಿದ್ದಾರೆ. ಅಡ್ಡ ಅಕ್ಷದಲ್ಲಿ ನಾರ್‌ಅಡ್ರೆನಲಿನ್‌ನ ಸಾಂದ್ರತೆ, ಲಾಗ್ ಸ್ಕೇಲ್‌ನಲ್ಲಿ. ಉದ್ದ ಅಕ್ಷದಲ್ಲಿ ಸಂಕೋಚನ, ಶೇಕಡಾ ಲೆಕ್ಕದಲ್ಲಿ. ಕರ್ವ್ 1 ನಾರ್‌ಅಡ್ರೆನಲಿನ್ ಒಂದೇ: ಇಸಿ50 10 ನ್ಯಾನೊಮೋಲಾರ್, ಗರಿಷ್ಠ 100. ಆಮೇಲೆ ಎಕ್ಸ್ ಎಂಬ ಔಷಧವನ್ನು ಅರ್ಧ ಗಂಟೆ ಬಾತ್‌ನಲ್ಲಿ ಬಿಟ್ಟು, ಚೆನ್ನಾಗಿ ತೊಳೆದು, ಮತ್ತೆ ನಾರ್‌ಅಡ್ರೆನಲಿನ್ ಕೊಟ್ಟಾಗ ಕರ್ವ್ 2: ಇಸಿ50 ಸುಮಾರು 90, ಗರಿಷ್ಠ 91. ಎಕ್ಸ್‌ನ ಸಾಂದ್ರತೆ ಹೆಚ್ಚಿಸಿ ಅದೇ ಕೆಲಸ ಮಾಡಿದಾಗ ಕರ್ವ್ 3: ಇಸಿ50 500, ಗರಿಷ್ಠ 50. ಕೊನೆಯದು, ವೈ ಎಂಬ ಇನ್ನೊಂದು ಔಷಧ ಬಾತ್‌ನಲ್ಲಿ ಇರುವಾಗಲೇ ತೆಗೆದ ಕರ್ವ್ 4: ಇಸಿ50 100, ಗರಿಷ್ಠ 100.

ಎಕ್ಸ್ ಮತ್ತು ವೈ ಯಾವ ಬಗೆಯ ಆಂಟಗೊನಿಸ್ಟ್‌ಗಳು ಅನ್ನುವುದು ಪ್ರಶ್ನೆ. ವೈ ಕಾಂಪಿಟಿಟಿವ್, ಅದು ಗೊತ್ತಾಯಿತು. ಆದರೆ ಕರ್ವ್ 2 ಮತ್ತು ಕರ್ವ್ 4 ಕಣ್ಣಿಗೆ ಒಂದೇ ಥರ ಕಾಣುತ್ತವೆ. ಎಕ್ಸ್ ಇರ್ರಿವರ್ಸಿಬಲ್ ಅಂತ ಉತ್ತರ ಕೊಟ್ಟಿದ್ದಾರೆ. ಹಾಗಿದ್ದರೆ ಮೊದಲ ಸಲವೇ ಕರ್ವ್ ಕುಸಿಯಬೇಕಿತ್ತಲ್ಲವೇ?

ಇನ್ನೊಂದು ಸಣ್ಣ ಸಂಶಯ. ಕರ್ವ್ 3ರಲ್ಲಿ 50ರ ಗೆರೆ ಹಿಡಿದು ಹೋದರೆ ಅದು ಚಪ್ಪಟೆಯಾಗುವ ಜಾಗ ಸಿಗುತ್ತದೆ, 500 ಸಿಗುವುದಿಲ್ಲ. ಅದು ಹೇಗೆ ಬಂತು?

---

ರ್ಯಾಪಿಡ್‌ರಿವಿಷನ್:

ಇಷ್ಟು ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ. ಬಲಕ್ಕೆ ಸರಿದು ಎತ್ತರ ಉಳಿದರೆ ಕಾಂಪಿಟಿಟಿವ್. ಎತ್ತರ ಕುಸಿದರೆ ನಾನ್‌ಕಾಂಪಿಟಿಟಿವ್. ಈ ಎರಡು ಸಾಲಿನಲ್ಲಿ ಹತ್ತರಲ್ಲಿ ಒಂಬತ್ತು ಪ್ರಶ್ನೆ ಹೋಗುತ್ತವೆ. ಎಕ್ಸ್ ಕಡಿಮೆ ಡೋಸ್‌ನಲ್ಲಿ ಕಾಂಪಿಟಿಟಿವ್, ಹೆಚ್ಚು ಡೋಸ್‌ನಲ್ಲಿ ನಾನ್‌ಕಾಂಪಿಟಿಟಿವ್ ಅಂತ ಬರೆದುಬಿಡಿ. ಇಲ್ಲವೇ ಕೀ ಉತ್ತರದಲ್ಲೇ ಮುದ್ರಣ ದೋಷ ಇರಬೇಕು.

---

ಆರ್ಗನ್‌ಬಾತ್:

ಮುದ್ರಣ ದೋಷ ಅಲ್ಲ, ಪ್ರಶ್ನೆ ಚೆನ್ನಾಗಿದೆ. ಔಷಧ ಡೋಸ್ ನೋಡಿ ತನ್ನ ಸ್ವಭಾವ ಬದಲಿಸಿಕೊಂಡಿಲ್ಲ. ಎರಡೂ ಸಲ ಎಕ್ಸ್ ಮಾಡಿದ್ದು ಒಂದೇ ಕೆಲಸ: ರಿಸೆಪ್ಟರ್‌ಗಳನ್ನು ಶಾಶ್ವತವಾಗಿ ಕೆಲಸಕ್ಕೆ ಬಾರದಂತೆ ಮಾಡಿದ್ದು. ಫೀನಾಕ್ಸಿಬೆನ್ಜಮೀನ್ ಆಲ್ಫಾ ರಿಸೆಪ್ಟರ್‌ಗೆ ಕೋವೇಲೆಂಟ್ ಬಂಧ ಹಾಕಿಕೊಂಡು ಕೂರುತ್ತದಲ್ಲ, ಹಾಗೆ.

ಮೊದಲು ಸಣ್ಣ ಸಂಶಯ ಮುಗಿಸೋಣ. ಇಸಿ50 ಅಂದರೆ ಆ ಕರ್ವ್‌ನ ಸ್ವಂತ ಗರಿಷ್ಠದ ಅರ್ಧ. ಕರ್ವ್ 3ರ ಗರಿಷ್ಠ 50, ಅದರ ಅರ್ಧ 25. ಉದ್ದ ಅಕ್ಷದಲ್ಲಿ 25ರಿಂದ ಅಡ್ಡಗೆರೆ ಎಳೆದು, ಕರ್ವ್‌ಗೆ ತಾಗಿದ ಕಡೆಯಿಂದ ಕೆಳಗೆ ಇಳಿಯಿರಿ, 500 ಸಿಗುತ್ತದೆ. ಎಲ್ಲ ಕರ್ವ್‌ಗಳಿಗೂ 50ರಲ್ಲೇ ಅಡ್ಡಗೆರೆ ಎಳೆಯುವುದು ಈ ಬಗೆಯ ಪ್ರಶ್ನೆಗಳಲ್ಲಿ ಅತಿ ಹೆಚ್ಚು ಅಂಕ ತಿನ್ನುವ ಅಭ್ಯಾಸ. ಪಾರ್ಶಿಯಲ್ ಅಗೊನಿಸ್ಟ್‌ನ ಕರ್ವ್‌ಗೂ ಇದೇ ಮಾತು.

ಈಗ ಕರ್ವ್ 2. ಈ ಅಂಗಾಂಶದಲ್ಲಿ ನಾರ್‌ಅಡ್ರೆನಲಿನ್ ರಿಸೆಪ್ಟರ್‌ಗೆ ಅಂಟುವ ಸ್ಥಿರಾಂಕ, ಅಂದರೆ ಅರ್ಧದಷ್ಟು ರಿಸೆಪ್ಟರ್‌ಗಳನ್ನು ತುಂಬಲು ಬೇಕಾದ ಸಾಂದ್ರತೆ, 1000 ನ್ಯಾನೊಮೋಲಾರ್ ಅಂತ ಇಟ್ಟುಕೊಳ್ಳಿ. ನಿಮ್ಮ ಕರ್ವ್‌ಗಳ ಅಂಕಿಗಳು ಈ ಲೆಕ್ಕಕ್ಕೆ ಕರಾರುವಾಕ್ಕಾಗಿ ಕೂರುತ್ತವೆ, ಪ್ರಶ್ನೆ ಮಾಡಿದವರು ಹೀಗೇ ಲೆಕ್ಕ ಹಾಕಿರಬೇಕು. ಆದರೆ ಅರ್ಧ ಸಂಕೋಚನ ಬರುವುದು ಬರೀ 10 ನ್ಯಾನೊಮೋಲಾರ್‌ನಲ್ಲಿ. ಅಷ್ಟು ಕಡಿಮೆ ಸಾಂದ್ರತೆಯಲ್ಲಿ ತುಂಬಿರುವುದು ನೂರಕ್ಕೆ ಒಂದು ರಿಸೆಪ್ಟರ್. ಆ ಒಂದೇ ಸಾಕು, ಸ್ನಾಯು ಅರ್ಧ ಸಂಕೋಚನಗೊಳ್ಳುತ್ತದೆ. ಉಳಿದವು ಸ್ಪೇರ್.

ಎಕ್ಸ್ ನೂರರಲ್ಲಿ 90 ರಿಸೆಪ್ಟರ್‌ಗಳನ್ನು ಕೆಡಿಸಿತು ಅನ್ನಿ. ಉಳಿದದ್ದು 10. ಅರ್ಧ ಸಂಕೋಚನಕ್ಕೆ ಇನ್ನೂ ಬೇಕಾಗಿರುವುದು ಒಂದೇ. ಆದರೆ ಈಗ ಅದು ಉಳಿದ ಹತ್ತರಲ್ಲಿ ಒಂದು, ಅಂದರೆ ಶೇಕಡಾ 10ರಷ್ಟು ತುಂಬಬೇಕು. ಅದಕ್ಕೆ 111 ನ್ಯಾನೊಮೋಲಾರ್ ಬೇಕು. ಕರ್ವ್ 2ರ ಇಸಿ50 ಇದಕ್ಕಿಂತ ತುಸು ಕಡಿಮೆ, ಸುಮಾರು 90, ಯಾಕೆಂದರೆ ಅದು 100ರ ಅರ್ಧಕ್ಕಲ್ಲ, 91ರ ಅರ್ಧಕ್ಕೆ. ಕರ್ವ್ ಬಲಕ್ಕೆ ಸರಿದದ್ದು ಹೀಗೆ. ಎತ್ತರ ಯಾಕೆ ಉಳಿಯಿತು ಅಂದರೆ ಹತ್ತನ್ನೂ ತುಂಬಿದರೆ ಬೇಕಾದದ್ದಕ್ಕಿಂತ ಹೆಚ್ಚೇ ಸಿಗುತ್ತದೆ, 91ರವರೆಗೆ ಏರುತ್ತದೆ.

ನೂರರಲ್ಲಿ 99 ಹೋದವು ಅನ್ನಿ. ಉಳಿದದ್ದು ಒಂದು. ಅದನ್ನು ಪೂರ್ತಿ ತುಂಬಿದರೂ ಸಿಗುವುದು ಅರ್ಧ ಸಂಕೋಚನವೇ. ನಿಮ್ಮ ಕರ್ವ್ 3 ಅದೇ. ಸ್ಪೇರ್ ಖಾಲಿಯಾದ ಮೇಲಷ್ಟೇ ಎತ್ತರ ಬಿದ್ದಿದೆ.

---

ಸಿಗ್ಮಾಯ್ಡ್:

ಇದು ಹೊಳೆದೇ ಇರಲಿಲ್ಲ. ಧನ್ಯವಾದ ಸರ್. ಆದರೆ 91, 500 ಇವೆಲ್ಲ ಬಾಯಲ್ಲೇ ಹೇಗೆ ಬಂದವು? ಸೂತ್ರ ಇದ್ದರೆ ಹಾಕಿ. ಮತ್ತೆ ಕರ್ವ್ 3 ಇಲ್ಲದೆ, ಬರೀ ಕರ್ವ್ 2 ಕೊಟ್ಟಿದ್ದರೆ ಕಾಂಪಿಟಿಟಿವ್ ಅಲ್ಲ ಅಂತ ಹೇಳಲು ಆಗುತ್ತಿತ್ತಾ?

---

ಆರ್ಗನ್‌ಬಾತ್:

ಸೂತ್ರ ಬ್ಲ್ಯಾಕ್ ಮತ್ತು ಲೆಫ್ 1983ರಲ್ಲಿ ಕೊಟ್ಟದ್ದು. ಪರೀಕ್ಷೆಯಲ್ಲಿ ಬರೆಯಬೇಕಿಲ್ಲ, ಆದರೆ ಒಮ್ಮೆ ಅಂಕಿ ಹಾಕಿ ನೋಡಿದರೆ ಗ್ರಾಫ್ ತಾನಾಗಿ ಅರ್ಥವಾಗುತ್ತದೆ.

```
Emax = Em × τ / (τ + 1)
EC50 = KA / (τ + 1)
```

ಇಲ್ಲಿ Em ಅಂದರೆ ಅಂಗಾಂಶ ಕೊಡಬಲ್ಲ ಅತಿ ಹೆಚ್ಚಿನ ಪರಿಣಾಮ, 100. KA ಅಂದರೆ ಮೇಲೆ ಹೇಳಿದ 1000ದ ಸ್ಥಿರಾಂಕ. τ, ಅಂದರೆ ಟೌ, ಅನ್ನುವುದು ಔಷಧದ ಎಫಿಕಸಿ ಮತ್ತು ಅಂಗಾಂಶದ ರಿಸೆಪ್ಟರ್ ಸಂಖ್ಯೆ ಎರಡನ್ನೂ ಒಳಗೊಂಡ ಸಂಖ್ಯೆ. ರಿಸೆಪ್ಟರ್ ಹತ್ತನೇ ಒಂದಕ್ಕೆ ಇಳಿದರೆ ಟೌ ಕೂಡ ಹತ್ತನೇ ಒಂದಕ್ಕೆ ಇಳಿಯುತ್ತದೆ. ಮೊದಲು ಟೌ 100: ಗರಿಷ್ಠ 99, ಇಸಿ50 1000ದ 101ನೇ ಒಂದು ಭಾಗ, ಅಂದರೆ 9.9. ಗ್ರಾಫ್‌ನಲ್ಲಿ 100 ಮತ್ತು 10 ಅಂತ ಬರೆದಿದ್ದಾರೆ. ಟೌ 10ಕ್ಕೆ ಇಳಿದಾಗ 91 ಮತ್ತು 91. ಟೌ 1 ಆದಾಗ 50 ಮತ್ತು 500. ಇನ್ನೂ ಕೆಡಿಸಿ ಟೌ 0.1 ಮಾಡಿದರೆ ಗರಿಷ್ಠ 9ಕ್ಕೆ ಬೀಳುತ್ತದೆ, ಇಸಿ50 ಮಾತ್ರ 909ರಲ್ಲಿ ನಿಲ್ಲುತ್ತದೆ. ಕೊನೆಯ ಅಂಕಿ ಗಮನಿಸಿ. ಸ್ಪೇರ್ ಖಾಲಿಯಾದ ಮೇಲೆ ಬಲಕ್ಕೆ ಸರಿಯುವುದು ನಿಂತುಹೋಗುತ್ತದೆ, 1000ವನ್ನು ದಾಟಲು ಸಾಧ್ಯವೇ ಇಲ್ಲ. ಕಾಂಪಿಟಿಟಿವ್ ಆಂಟಗೊನಿಸ್ಟ್‌ಗೆ ಅಂಥ ಮಿತಿ ಇಲ್ಲ, ಡೋಸ್ ಏರಿಸಿದಷ್ಟೂ ಕರ್ವ್ ಬಲಕ್ಕೆ ಹೋಗುತ್ತಲೇ ಇರುತ್ತದೆ.

ನಿಮ್ಮ ಎರಡನೇ ಪ್ರಶ್ನೆ. ಒಂದೇ ಕರ್ವ್‌ನ ಆಕಾರ ನೋಡಿ ಹೇಳಲು ಆಗದು. 91 ಮತ್ತು 100ರ ನಡುವಿನ ಅಂತರ ನಿಜವಾದ ಪ್ರಯೋಗದಲ್ಲಿ ಅಳತೆಯ ಏರುಪೇರಿನಲ್ಲೇ ಮುಳುಗಿಹೋಗುತ್ತದೆ. ಆದರೆ ಪ್ರಶ್ನೆಯ ವಾಕ್ಯದಲ್ಲಿ ಸುಳಿವು ಇದೆ: ‘ಚೆನ್ನಾಗಿ ತೊಳೆದು’. ಎಕ್ಸ್ ಬಾತ್‌ನಲ್ಲಿ ಇಲ್ಲದಿದ್ದರೂ ಅದರ ಪರಿಣಾಮ ಉಳಿದಿದೆ. ವೈಯನ್ನು ಹಾಗೆ ತೊಳೆದಿದ್ದರೆ ಕರ್ವ್ 4 ಮತ್ತೆ ಕರ್ವ್ 1ರ ಜಾಗಕ್ಕೆ ಬಂದಿರುತ್ತಿತ್ತು. ಗ್ರಾಫ್ ನೋಡುವ ಮೊದಲು ಅದರ ಕೆಳಗಿನ ಸಾಲು ಓದಬೇಕು ಅನ್ನುವುದು ಇದಕ್ಕೇ.

ಒಂದು ಮಾತು ಸೇರಿಸಿಬಿಡುತ್ತೇನೆ. ನಿಜವಾದ ಫೀನಾಕ್ಸಿಬೆನ್ಜಮೀನ್ ಗ್ರಾಫ್ ಇಷ್ಟು ಚೊಕ್ಕವಾಗಿ ಇರುವುದಿಲ್ಲ. ಅದು ನಾರ್‌ಅಡ್ರೆನಲಿನ್‌ನ ಅಪ್‌ಟೇಕನ್ನೂ ತಡೆಯುತ್ತದೆ, ಹಿಸ್ಟಮಿನ್ ಮತ್ತು ಸಿರೊಟೋನಿನ್ ರಿಸೆಪ್ಟರ್‌ಗಳ ಮೇಲೂ ಕೈಯಾಡಿಸುತ್ತದೆ.

---

ಎಲ್‌ಡಿ_ಐವತ್ತು:

ಕರ್ವ್ ಬಲಕ್ಕೆ ಹೋದರೆ ಔಷಧ ಹೆಚ್ಚು ಸುರಕ್ಷಿತ ಅಂತ ತಾನೇ? ಎರಡು ಕರ್ವ್‌ಗಳ ನಡುವೆ ಅಂತರ ಹೆಚ್ಚಿದಷ್ಟೂ ಥೆರಪ್ಯೂಟಿಕ್ ಇಂಡೆಕ್ಸ್ ಹೆಚ್ಚು. ಇಲ್ಲಿ 100 ಭಾಗಿಸು 10, ಇಂಡೆಕ್ಸ್ 10. ಪ್ರಶ್ನೆ ಕೇಳುತ್ತಿರುವುದು ಅದನ್ನೇ ಅನ್ನಿಸುತ್ತದೆ.

---

ಆರ್ಗನ್‌ಬಾತ್:

ಅದು ಬೇರೆ ಗ್ರಾಫ್. ಉದ್ದ ಅಕ್ಷದ ಮೇಲೆ ಏನು ಬರೆದಿದೆ ನೋಡಿ. ಇಲ್ಲಿ ಇರುವುದು ಒಂದು ಪಟ್ಟಿ ಎಷ್ಟು ಸಂಕೋಚನಗೊಂಡಿತು ಎಂಬುದು. ನೀವು ಹೇಳುವ ಲೆಕ್ಕಕ್ಕೆ ಉದ್ದ ಅಕ್ಷದಲ್ಲಿ ‘ನೂರು ಪ್ರಾಣಿಗಳಲ್ಲಿ ಎಷ್ಟಕ್ಕೆ ಪರಿಣಾಮ ಕಂಡಿತು’ ಅಂತ ಇರಬೇಕು, ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂಬ ಉತ್ತರ. ಅಲ್ಲಿಯ ಎರಡು ಕರ್ವ್‌ಗಳು ಒಂದೇ ಔಷಧದ ಎರಡು ಪರಿಣಾಮಗಳು: ಒಂದು ಬೇಕಾದದ್ದು, ಇನ್ನೊಂದು ವಿಷ ಅಥವಾ ಸಾವು. ಎರಡೂ ಗ್ರಾಫ್‌ಗಳು ಇಂಗ್ಲಿಷ್‌ನ ಎಸ್ ಆಕಾರದಲ್ಲೇ ಇರುವುದರಿಂದ ಬೆರೆತುಹೋಗುತ್ತವೆ. ನೀವು ಮಾಡಿದ ಭಾಗಾಕಾರಕ್ಕೂ ಇಲ್ಲಿ ಅರ್ಥ ಇದೆ, ಆದರೆ ಅದರ ಹೆಸರು ಡೋಸ್ ರೇಷಿಯೊ.

---

ರ್ಯಾಪಿಡ್‌ರಿವಿಷನ್:

ಸರಿ, ಸ್ಪೇರ್ ರಿಸೆಪ್ಟರ್ ವಿಷಯ ಒಪ್ಪಿದೆ. ಆದರೆ ಎತ್ತರ ಕಡಿಮೆ ಇರುವ ಕರ್ವ್ ಕಂಡರೆ ಪಾರ್ಶಿಯಲ್ ಅಗೊನಿಸ್ಟ್ ಅಂತ ಬರೆಯುತ್ತೇವಲ್ಲ. ಕರ್ವ್ 3ನ್ನೂ ಹಾಗೆ ಕರೆಯಬಹುದಲ್ಲವೇ? ಹೇಗೂ ಪಾರ್ಶಿಯಲ್ ಅಗೊನಿಸ್ಟ್ ಅಂದರೆ ಪೊಟೆನ್ಸಿ ಕಡಿಮೆ ಇರುವ ಅಗೊನಿಸ್ಟ್ ತಾನೇ.

---

ಆರ್ಗನ್‌ಬಾತ್:

ಮೊದಲ ಅರ್ಧ ಒಳ್ಳೆಯ ಪ್ರಶ್ನೆ, ಎರಡನೆಯದು ತಪ್ಪು. ಪೊಟೆನ್ಸಿ ಕರ್ವ್ ಎಡಕ್ಕಿದೆಯೋ ಬಲಕ್ಕಿದೆಯೋ ಅನ್ನುವುದರಲ್ಲಿದೆ, ಎತ್ತರದಲ್ಲಿಲ್ಲ. ಬ್ಯುಪ್ರೆನಾರ್ಫಿನ್ ಪಾರ್ಶಿಯಲ್ ಅಗೊನಿಸ್ಟ್, ಆದರೂ ಇಂಜೆಕ್ಷನ್‌ನಲ್ಲಿ 0.3 ಮಿಲಿಗ್ರಾಂ ಸುಮಾರು 10 ಮಿಲಿಗ್ರಾಂ ಮಾರ್ಫಿನ್‌ಗೆ ಸಮ. ಅದರ ಕರ್ವ್ ಮಾರ್ಫಿನ್‌ಗಿಂತ ಎಡಕ್ಕೆ ಇದೆ, ಆದರೆ ಉಸಿರಾಟ ಕುಗ್ಗಿಸುವಂಥ ಪರಿಣಾಮಗಳಲ್ಲಿ ಬೇಗ ಚಪ್ಪಟೆಯಾಗುತ್ತದೆ.

ಈಗ ಮೊದಲ ಅರ್ಧ. ಟೌ 1 ಇರುವ ಪಾರ್ಶಿಯಲ್ ಅಗೊನಿಸ್ಟ್ ಆರೋಗ್ಯವಂತ ಅಂಗಾಂಶದಲ್ಲಿ ಕೊಡುವ ಕರ್ವ್, 99 ಭಾಗ ರಿಸೆಪ್ಟರ್ ಕಳೆದುಕೊಂಡ ಅಂಗಾಂಶದಲ್ಲಿ ನಾರ್‌ಅಡ್ರೆನಲಿನ್ ಕೊಡುವ ಕರ್ವ್, ಎರಡೂ ನೋಡಲು ಒಂದೇ. ಆಕಾರದಿಂದ ಬೇರ್ಪಡಿಸಲು ಆಗದು. ಪ್ರಶ್ನೆಯಲ್ಲಿ ‘ಇನ್ನೊಂದು ಔಷಧ ಒಂದೇ ಕೊಟ್ಟಾಗ’ ಅಂತ ಇದೆಯೋ, ‘ಅದೇ ಅಗೊನಿಸ್ಟ್, ಮೊದಲು ಬೇರೇನೋ ಕೊಟ್ಟ ಮೇಲೆ’ ಅಂತ ಇದೆಯೋ ಅನ್ನುವುದೇ ಉತ್ತರವನ್ನು ತೀರ್ಮಾನಿಸುತ್ತದೆ. ಹಾಗಾಗಿ ‘ಪೂರ್ಣ’, ‘ಪಾರ್ಶಿಯಲ್’ ಅನ್ನುವುದು ಔಷಧದ ಒಂಟಿ ಗುಣವೂ ಅಲ್ಲ. ಸ್ಪೇರ್ ಧಾರಾಳವಾಗಿರುವ ಅಂಗಾಂಶದಲ್ಲಿ ಪಾರ್ಶಿಯಲ್ ಅಗೊನಿಸ್ಟ್ ಹೆಚ್ಚುಕಡಿಮೆ ಪೂರ್ಣದಂತೆ ವರ್ತಿಸಬಹುದು.

ಇದೇ ಪ್ರಯೋಗದಲ್ಲಿ ನಾರ್‌ಅಡ್ರೆನಲಿನ್ ಬದಲು ಟೌ 1 ಇರುವ ಪಾರ್ಶಿಯಲ್ ಅಗೊನಿಸ್ಟ್ ಕೊಟ್ಟಿದ್ದರೆ ಏನಾಗುತ್ತಿತ್ತು ನೋಡಿ. ಅದಕ್ಕೆ ಸ್ಪೇರ್ ಅನ್ನುವುದೇ ಇಲ್ಲ, 50 ತಲುಪಲು ಎಲ್ಲ ರಿಸೆಪ್ಟರ್‌ಗಳನ್ನೂ ತುಂಬಬೇಕು. ಎಕ್ಸ್‌ನ ಮೊದಲ ಡೋಸ್‌ಗೇ, 90 ಭಾಗ ಹೋದಾಗ, 50ರಿಂದ 9ಕ್ಕೆ ಬೀಳುತ್ತದೆ. ಬಲಕ್ಕೆ ಸರಿಯುವುದು ಎರಡು ಪಟ್ಟೂ ಇಲ್ಲ. ಒಂದೇ ಆಂಟಗೊನಿಸ್ಟ್, ಒಂದೇ ಡೋಸ್, ಒಂದೇ ಅಂಗಾಂಶ. ಒಂದು ಅಗೊನಿಸ್ಟ್‌ನ ಕರ್ವ್ ಸರಿಯುತ್ತದೆ, ಇನ್ನೊಂದರ ಕರ್ವ್ ಕುಸಿಯುತ್ತದೆ. ನಿಮ್ಮ ಎರಡು ಸಾಲಿನ ನಿಯಮ ಇಲ್ಲಿ ಕೈಕೊಡುತ್ತದೆ.

---

ಸಿಗ್ಮಾಯ್ಡ್:

ಹಾಗಾದರೆ ಪೂರ್ಣ ಅಗೊನಿಸ್ಟ್ ಮತ್ತು ಪಾರ್ಶಿಯಲ್ ಅಗೊನಿಸ್ಟ್ ಎರಡನ್ನೂ ಒಟ್ಟಿಗೆ ಕೊಟ್ಟರೆ? ಒಂದು ಕಡೆ ‘ಆಂಟಗೊನಿಸ್ಟ್‌ನಂತೆ ವರ್ತಿಸುತ್ತದೆ’ ಅಂತ ಓದಿದೆ, ಇನ್ನೊಂದು ಕಡೆ ‘ಪರಿಣಾಮ ಹೆಚ್ಚಿಸುತ್ತದೆ’ ಅಂತ. ಒಂದು ಗ್ರಾಫ್‌ನಲ್ಲಂತೂ ಕರ್ವ್‌ಗಳು ಒಂದನ್ನೊಂದು ಕತ್ತರಿಸಿಕೊಂಡು ಹೋಗಿವೆ.

---

ಆರ್ಗನ್‌ಬಾತ್:

ಎರಡೂ ಸರಿ. ಕತ್ತರಿಸುವ ಬಿಂದುವಿನಲ್ಲೇ ಉತ್ತರ ಇದೆ. ಲೆಕ್ಕ ಸುಲಭವಾಗಲಿ ಅಂತ ಸ್ಪೇರ್ ಇಲ್ಲದ ಅಂಗಾಂಶ ತೆಗೆದುಕೊಳ್ಳೋಣ. ಪೂರ್ಣ ಅಗೊನಿಸ್ಟ್ ಎ, ಗರಿಷ್ಠ 100. ಪಾರ್ಶಿಯಲ್ ಪಿ, ಗರಿಷ್ಠ 40. ಎರಡೂ ಒಂದೇ ಜಾಗಕ್ಕೆ ಅಂಟುತ್ತವೆ. ಸಾಂದ್ರತೆಯನ್ನು ಅವುಗಳ ಸ್ಥಿರಾಂಕದ ಎಷ್ಟು ಪಟ್ಟು ಅಂತ ಬರೆದರೆ:

```
E = 100 × (A + 0.4 P) / (1 + A + P)
```

ಪಿಯನ್ನು 9ಕ್ಕೆ ನಿಲ್ಲಿಸಿ ಎಯನ್ನು ಏರಿಸುತ್ತಾ ಹೋಗಿ. ಎ ಸೊನ್ನೆ ಇದ್ದಾಗಲೇ ಕರ್ವ್ 36ರಿಂದ ಶುರುವಾಗುತ್ತದೆ, ಯಾಕೆಂದರೆ ಪಿ ತಾನೇ ಅಷ್ಟು ಕೆಲಸ ಮಾಡುತ್ತಿದೆ. ಎ 0.1 ಇದ್ದಾಗ ಪಿ ಇಲ್ಲದಿದ್ದರೆ ಸಿಗುತ್ತಿದ್ದದ್ದು 9, ಪಿ ಇರುವುದರಿಂದ ಸಿಗುವುದು 37ರ ಹತ್ತಿರ. ಇಲ್ಲಿ ಪಿ ನೆರವು. ಎ 10 ಇದ್ದಾಗ ಪಿ ಇಲ್ಲದಿದ್ದರೆ 91, ಇದ್ದರೆ 68. ಇಲ್ಲಿ ಪಿ ಅಡ್ಡಿ. ಎ 100 ಆದಾಗ 99ರ ಬದಲು 94. ಎಯನ್ನು ಇನ್ನೂ ಏರಿಸಿದರೆ 100ಕ್ಕೆ ಸೇರಿಕೊಳ್ಳುತ್ತದೆ, ಅಂದರೆ ಅಡ್ಡಿಯನ್ನು ಡೋಸ್‌ನಿಂದ ಮೀರಬಹುದು.

ಎರಡು ಕರ್ವ್‌ಗಳು ಕತ್ತರಿಸುವುದು ಎಲ್ಲಿ? ಎ ಒಂಟಿಯಾಗಿ 40 ಕೊಡುವ ಜಾಗದಲ್ಲಿ. ಪಿಯನ್ನು 9 ಮಾಡಿ, 90 ಮಾಡಿ, 900 ಮಾಡಿ, ಎಲ್ಲ ಕರ್ವ್‌ಗಳೂ ಅದೇ ಬಿಂದುವಿನ ಮೂಲಕ ಹಾಯುತ್ತವೆ. ಆ ಬಿಂದುವಿನ ಎತ್ತರ ಪಿಯ ಸ್ವಂತ ಗರಿಷ್ಠ. ಪರೀಕ್ಷೆಯಲ್ಲಿ ಇಂಥ ಗ್ರಾಫ್ ಬಂದರೆ ಕತ್ತರಿಸುವ ಬಿಂದುವಿನಿಂದ ಎಡಕ್ಕೆ ಗೆರೆ ಎಳೆದು ಉದ್ದ ಅಕ್ಷದಲ್ಲಿ ಓದಿ, ಪಾರ್ಶಿಯಲ್ ಅಗೊನಿಸ್ಟ್‌ನ ಗರಿಷ್ಠ ಪರಿಣಾಮ ಸಿಕ್ಕಿಬಿಡುತ್ತದೆ.

ಆರಂಭದ ಎತ್ತರವೂ ದೊಡ್ಡ ಸುಳಿವು. ಎಡತುದಿಯಲ್ಲೇ ಕರ್ವ್ ಸೊನ್ನೆಗಿಂತ ಮೇಲೆ ನಿಂತಿದ್ದರೆ ಬಾತ್‌ನಲ್ಲಿ ಇರುವುದು ಬರೀ ಆಂಟಗೊನಿಸ್ಟ್ ಅಲ್ಲ.

---

ಸಿಗ್ಮಾಯ್ಡ್:

ಬೀಟಾ ರಿಸೆಪ್ಟರ್‌ನ ಪಾರ್ಶಿಯಲ್ ಅಗೊನಿಸ್ಟ್ ಆದ ಪಿಂಡೊಲಾಲ್ ವಿಶ್ರಾಂತಿಯಲ್ಲಿ ಹೃದಯ ಬಡಿತವನ್ನು ಅಷ್ಟಾಗಿ ಇಳಿಸುವುದಿಲ್ಲ, ವ್ಯಾಯಾಮದ ಹೊತ್ತಿನಲ್ಲಿ ಇಳಿಸುತ್ತದೆ ಅನ್ನುವುದು ಇದೇನಾ? ವಿಶ್ರಾಂತಿಯಲ್ಲಿ ಸಿಂಪಥೆಟಿಕ್ ಒತ್ತಡ ಕಡಿಮೆ, ಆದ್ದರಿಂದ ಬಿಂದುವಿನ ಆಸುಪಾಸಿನಲ್ಲಿ ಇದ್ದೇವೆ. ಓಡುವಾಗ ನಾರ್‌ಅಡ್ರೆನಲಿನ್ ಏರಿ ಬಿಂದುವಿನ ಬಲಕ್ಕೆ ಹೋಗಿಬಿಡುತ್ತೇವೆ, ಆಗ ಅಡ್ಡಿ.

---

ಆರ್ಗನ್‌ಬಾತ್:

ಅದೇ. ಹೆರಾಯಿನ್ ಅಥವಾ ಮಾರ್ಫಿನ್‌ಗೆ ಒಗ್ಗಿಹೋದವರಿಗೆ, ಅದು ಮೈಯಲ್ಲಿ ಇನ್ನೂ ಇರುವಾಗ ಬ್ಯುಪ್ರೆನಾರ್ಫಿನ್ ಕೊಟ್ಟರೆ ವಿತ್‌ಡ್ರಾವಲ್ ಕೆರಳುವುದಕ್ಕೂ ಇದೇ ಕಾರಣ. ಅವರು ಬಿಂದುವಿನ ಬಲಕ್ಕೆ, ಎತ್ತರದಲ್ಲಿ ಇದ್ದಾರೆ. ಬ್ಯುಪ್ರೆನಾರ್ಫಿನ್ ಬಲವಾಗಿ ಅಂಟಿಕೊಂಡು ಮಾರ್ಫಿನ್‌ನ್ನು ಜಾಗ ಬಿಡಿಸಿ ಪರಿಣಾಮವನ್ನು ತನ್ನ ಎತ್ತರಕ್ಕೆ ಎಳೆದು ತರುತ್ತದೆ. ಅದಕ್ಕೇ ವಿತ್‌ಡ್ರಾವಲ್ ಲಕ್ಷಣಗಳು ತಾವಾಗಿ ಶುರುವಾದ ಮೇಲೆ, ಅಂದರೆ ಪರಿಣಾಮ ಬಿಂದುವಿಗಿಂತ ಕೆಳಗಿಳಿದ ಮೇಲೆ ಮೊದಲ ಡೋಸ್ ಕೊಡುತ್ತಾರೆ. ಆಗ ಅದೇ ಔಷಧ ಅವರನ್ನು ಮೇಲಕ್ಕೆ ಎತ್ತುತ್ತದೆ.

---

ಟಿಓಎಫ್:

ಅನಸ್ತೇಶಿಯಾ ಕಡೆಯಿಂದ ಒಂದು ತಕರಾರು. ರೊಕ್ಯುರೋನಿಯಂ ಕಾಂಪಿಟಿಟಿವ್ ಅಂತ ಎಲ್ಲರೂ ಕಲಿಸುತ್ತಾರೆ. ಆದರೆ ಸ್ನಾಯುವಿನ ಟ್ವಿಚ್ ನೋಡುತ್ತಿದ್ದರೆ ಕಾಣುವುದು ಬರೀ ಎತ್ತರ ಕುಸಿಯುವುದು, ಬಲಕ್ಕೆ ಸರಿಯುವುದು ಎಲ್ಲೂ ಕಾಣುವುದಿಲ್ಲ. ಸುಮಾರು 70ರಿಂದ 75 ಭಾಗ ರಿಸೆಪ್ಟರ್ ತುಂಬುವ ತನಕ ಟ್ವಿಚ್ ಅಲುಗುವುದೇ ಇಲ್ಲ, 90 ದಾಟಿದ ಮೇಲೆ ಪೂರ್ತಿ ಹೋಗಿರುತ್ತದೆ. ಮೇಲಾಗಿ ಬ್ಲಾಕ್ ಆಳವಾಗಿದ್ದಾಗ ನಿಯೋಸ್ಟಿಗ್ಮಿನ್ ಎಷ್ಟು ಕೊಟ್ಟರೂ ಹಿಂತಿರುಗುವುದಿಲ್ಲ. ಮೀರಬಹುದಾದ ಆಂಟಗೊನಿಸ್ಟ್ ಅನ್ನುವುದು ಎಲ್ಲಿ ಹೋಯಿತು?

---

ಆರ್ಗನ್‌ಬಾತ್:

ನೀವು ನೋಡುತ್ತಿರುವುದು ಕರ್ವ್ ಅಲ್ಲ, ಕರ್ವ್‌ಗಳ ಮೇಲೆ ಎಳೆದ ಒಂದು ಲಂಬ ಗೆರೆ. ನರದ ತುದಿಯಿಂದ ಸುರಿಯುವ ಅಸಿಟೈಲ್‌ಕೋಲಿನ್‌ನ ಮೊತ್ತ ನಿಮ್ಮ ಕೈಯಲ್ಲಿಲ್ಲ, ಅದು ಹೆಚ್ಚುಕಡಿಮೆ ನಿಗದಿ. ಆ ಸಾಂದ್ರತೆಯಲ್ಲಿ ಲಂಬ ಗೆರೆ ಎಳೆಯಿರಿ. ರೊಕ್ಯುರೋನಿಯಂ ಕರ್ವನ್ನು ಬಲಕ್ಕೆ ತಳ್ಳಿದಂತೆ ಗೆರೆ ಕರ್ವನ್ನು ಮುಟ್ಟುವ ಜಾಗ ಮೊದಲು ಚಪ್ಪಟೆ ಭಾಗದಲ್ಲೇ ಇರುತ್ತದೆ, ಟ್ವಿಚ್ ಬದಲಾಗುವುದಿಲ್ಲ. ನಂತರ ಕಡಿದಾದ ಇಳಿಜಾರು ಗೆರೆಯನ್ನು ದಾಟುತ್ತದೆ, ಟ್ವಿಚ್ ಒಮ್ಮೆಲೇ ಬೀಳುತ್ತದೆ. ನೀವು ಹೇಳಿದ 75 ಮತ್ತು 90ರ ಅಂಕಿಗಳು ಅದೇ ಇಳಿಜಾರು.

ನಿಯೋಸ್ಟಿಗ್ಮಿನ್ ಗೆರೆಯನ್ನು ಬಲಕ್ಕೆ ಸರಿಸುತ್ತದೆ, ಆದರೆ ಸ್ವಲ್ಪವೇ. ಅಸಿಟೈಲ್‌ಕೋಲಿನ್ ಒಡೆಯುವ ಎಂಜೈಮ್ ಪೂರ್ತಿ ನಿಂತ ಮೇಲೆ ಇನ್ನೂ ಕೊಟ್ಟು ಪ್ರಯೋಜನವಿಲ್ಲ. ಬಾತ್‌ನಲ್ಲಿ ಅಗೊನಿಸ್ಟನ್ನು ಸಾವಿರ ಪಟ್ಟು ಏರಿಸಬಹುದು, ರೋಗಿಯಲ್ಲಿ ಆಗದು. ಸುಗಮ್ಮಡೆಕ್ಸ್ ಈ ಗ್ರಾಫ್‌ನ ಆಟಕ್ಕೇ ಬರುವುದಿಲ್ಲ, ಅದು ರೊಕ್ಯುರೋನಿಯಂ ಅಣುವನ್ನೇ ಹಿಡಿದು ಕಟ್ಟಿಹಾಕುತ್ತದೆ.

---

ಟಿಓಎಫ್:

ಲಂಬ ಗೆರೆಯ ಮಾತು ಒಪ್ಪಿದೆ. ಫಿಯೋಕ್ರೋಮೋಸೈಟೋಮಾ ಶಸ್ತ್ರಚಿಕಿತ್ಸೆಗೆ ಮುಂಚೆ ಫೀನಾಕ್ಸಿಬೆನ್ಜಮೀನ್ ಕೊಡುವುದೂ ಹಾಗೇ ಅರ್ಥವಾಗುತ್ತದೆ. ಗಡ್ಡೆಯನ್ನು ಮುಟ್ಟಿದಾಗ ಕ್ಯಾಟೆಕೊಲಮೀನ್ ಉಕ್ಕಿ ಗೆರೆ ತುಂಬಾ ಬಲಕ್ಕೆ ಹೋದರೂ ಕುಸಿದ ಕರ್ವ್ ಮೇಲೇಳುವುದಿಲ್ಲ. ಕಾಂಪಿಟಿಟಿವ್ ಆದ ಫೆಂಟಾಲಮೀನ್ ಕೊಟ್ಟಿದ್ದರೆ ಮೀರಿಹೋಗಬಹುದು. ಆದರೆ ಮಾರನೇ ದಿನ ರಕ್ತದೊತ್ತಡ ಕೆಳಗೇ ಉಳಿದರೂ ಆಶ್ಚರ್ಯಪಡಬಾರದು, ಹೊಸ ರಿಸೆಪ್ಟರ್ ತಯಾರಾಗುವ ತನಕ ಪರಿಣಾಮ ಎಳೆಯುತ್ತದೆ.

ಹೆಸರಿನ ವಿಷಯದಲ್ಲಿ ಮಾತ್ರ ನನಗೆ ಸಮಾಧಾನ ಇಲ್ಲ. ಫೀನಾಕ್ಸಿಬೆನ್ಜಮೀನ್ ಅದೇ ಜಾಗಕ್ಕೇ ಅಂಟುವುದು. ಹಾಗಿದ್ದಾಗ ‘ನಾನ್‌ಕಾಂಪಿಟಿಟಿವ್’ ಅನ್ನುವುದು ಹೇಗೆ ಸರಿ?

---

ಆರ್ಗನ್‌ಬಾತ್:

ನನ್ನ ಪ್ರಕಾರ ಸರಿಯಲ್ಲ. ಎಕ್ಸ್ ಹಾಕುವ ಮೊದಲೇ ಬಾತ್‌ನಲ್ಲಿ ಫೆಂಟಾಲಮೀನ್ ತುಂಬಿಟ್ಟರೆ ಎಕ್ಸ್ ಕಡಿಮೆ ರಿಸೆಪ್ಟರ್ ಕೆಡಿಸುತ್ತದೆ. ಅಂದರೆ ಒಳಹೊಗುವಾಗ ಪೈಪೋಟಿ ಇದೆ, ಒಳಗೆ ಹೋದ ಮೇಲೆ ಇಲ್ಲ. ‘ಇರ್ರಿವರ್ಸಿಬಲ್’ ಅಂತ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ‘ನಾನ್‌ಕಾಂಪಿಟಿಟಿವ್’ ಅಂತ ಬರೆಯದೆ ಗತಿಯಿಲ್ಲ.

---

ರ್ಯಾಪಿಡ್‌ರಿವಿಷನ್:

ಎಷ್ಟೋ ಪರೀಕ್ಷಕರು ಎತ್ತರ ಕುಸಿದರೆ ಸಾಕು, ‘ನಾನ್‌ಕಾಂಪಿಟಿಟಿವ್’ ಅಂತಲೇ ನಿರೀಕ್ಷಿಸುತ್ತಾರೆ. ಅಂಕ ಬೇಕಾದವರು ಅವರ ಭಾಷೆಯಲ್ಲೇ ಬರೆಯುವುದು ಜಾಣತನ.

---

ಟಿಓಎಫ್:

ಹಾಗಾದರೆ ಕ್ಯಾಂಡೆಸಾರ್ಟನ್‌ಗೆ ಏನು ಬರೆಯುತ್ತೀರಿ? ಕೋವೇಲೆಂಟ್ ಬಂಧ ಇಲ್ಲ, ಅದೇ ಜಾಗಕ್ಕೆ ಅಂಟುತ್ತದೆ, ಆದರೂ ಆಂಜಿಯೋಟೆನ್ಸಿನ್‌ನ ಗರಿಷ್ಠವನ್ನು ಕೆಳಗೆಳೆಯುತ್ತದೆ. ಲೋಸಾರ್ಟನ್ ಹಾಗೆ ಮಾಡುವುದಿಲ್ಲ.

---

ಆರ್ಗನ್‌ಬಾತ್:

ಅದು ನಿಧಾನವಾಗಿ ಬಿಡುವ ಔಷಧ. ಸಂಕೋಚನ ಅಳೆಯುವ ಕೆಲವು ನಿಮಿಷಗಳಲ್ಲಿ ಅಗೊನಿಸ್ಟ್‌ಗೆ ಜಾಗ ಸಿಗುವುದೇ ಇಲ್ಲ. ‘ಮೀರಲಾಗದ’ ಅಂತ ಕರೆಯುವುದು ನನಗೆ ಸರಿಕಾಣುತ್ತದೆ. ಅದು ಗ್ರಾಫ್ ಕಂಡದ್ದನ್ನಷ್ಟೇ ಹೇಳುತ್ತದೆ, ಕಾರಣವನ್ನು ಊಹಿಸುವುದಿಲ್ಲ. ಆದರೆ ಇದನ್ನು ಪರೀಕ್ಷಕರು ಒಪ್ಪುತ್ತಾರೋ ಇಲ್ಲವೋ, ಅದರ ಬಗ್ಗೆ ಜಗಳವಾಡಲು ನಾನು ತಯಾರಿಲ್ಲ.

---

ಎಲ್‌ಡಿ_ಐವತ್ತು:

ನನ್ನ ಡೋಸ್ ರೇಷಿಯೊ 10 ಅಂತ ಬಂತಲ್ಲ, ಅದರಿಂದ ವೈ ಎಷ್ಟು ಹಾಕಿದ್ದಾರೆ ಅಂತ ಗೊತ್ತಾಗುತ್ತಾ?

---

ಆರ್ಗನ್‌ಬಾತ್:

ವೈಯ ಸ್ಥಿರಾಂಕ ಗೊತ್ತಿದ್ದರೆ ಗೊತ್ತಾಗುತ್ತದೆ.

```
DR = 1 + [B] / KB
```

ಇಲ್ಲಿ [B] ವೈಯ ಸಾಂದ್ರತೆ, KB ಅದರ ಸ್ಥಿರಾಂಕ. ರೇಷಿಯೊ 10 ಅಂದರೆ ವೈ ತನ್ನ ಸ್ಥಿರಾಂಕದ 9 ಪಟ್ಟು ಇದೆ. ಆ ಒಂದನ್ನು ಮರೆತು 10 ಪಟ್ಟು ಅಂತ ಬರೆಯುವವರೇ ಹೆಚ್ಚು. ಆಂಟಗೊನಿಸ್ಟನ್ನು ಎರಡು ಪಟ್ಟು ಮಾಡಿದರೆ ಇಸಿ50 ಎರಡು ಪಟ್ಟಾಗುತ್ತದೆ ಅನ್ನುವುದೂ ಅದೇ ಮರೆವು. ಸಾಂದ್ರತೆ ಸ್ಥಿರಾಂಕಕ್ಕೆ ಸಮ ಇದ್ದಾಗ ರೇಷಿಯೊ 2, ಅದನ್ನು ಎರಡು ಪಟ್ಟು ಮಾಡಿದರೆ 3, ನಾಲ್ಕಲ್ಲ. ರೇಷಿಯೊ 2 ಆಗಲು ಬೇಕಾದ ಸಾಂದ್ರತೆಯ ಋಣ ಲಾಗನ್ನೇ ಪಿಎ2 ಅನ್ನುವುದು, ಶಿಲ್ಡ್ 1947ರಲ್ಲಿ ತಂದದ್ದು. ಎಕ್ಸ್‌ಗೆ ಮಾತ್ರ ಈ ಸೂತ್ರ ಹಾಕಬೇಡಿ. ಕರ್ವ್ 2ರಿಂದ 9 ಅಂತ ಒಂದು ರೇಷಿಯೊ ಸಿಗುತ್ತದೆ ನಿಜ, ಆದರೆ ಅರ್ಧ ಗಂಟೆಯ ಬದಲು ಒಂದು ಗಂಟೆ ಬಿಟ್ಟಿದ್ದರೆ ಅದೇ ಸಾಂದ್ರತೆಯಲ್ಲಿ ಬೇರೆ ಅಂಕಿ ಬರುತ್ತಿತ್ತು.

---

ಸಿಗ್ಮಾಯ್ಡ್:

ನಾನೂ ಒಂದು ಮಾಡಿ ನೋಡಿದೆ. ಅಟ್ರೊಪಿನ್‌ನ ಪಿಎ2 9, ಅಂದರೆ ಸ್ಥಿರಾಂಕ 1 ನ್ಯಾನೊಮೋಲಾರ್. 3 ನ್ಯಾನೊಮೋಲಾರ್ ಅಟ್ರೊಪಿನ್ ಹಾಕಿದರೆ ರೇಷಿಯೊ 4. ಅಸಿಟೈಲ್‌ಕೋಲಿನ್‌ನ ಇಸಿ50 100 ಇದ್ದರೆ 400 ಆಗುತ್ತದೆ. ಗರಿಷ್ಠ ಹಾಗೇ ಇರುತ್ತದೆ. ಸರಿಯಾ?

---

ಆರ್ಗನ್‌ಬಾತ್:

ಸರಿ. ಗ್ರಾಫ್‌ನಲ್ಲಿ ಬರೆಯುವಾಗ ಲಾಗ್ ಅಕ್ಷದಲ್ಲಿ 0.6 ಮಾತ್ರ ಬಲಕ್ಕೆ ಸರಿಸಿ, ನಾಲ್ಕು ಗೆರೆ ದಾಟಿಸಬೇಡಿ.